ಐದು ತಂಡ, ಒಂದು ಬಿಡುಗಡೆ, ಹದಿನಾಲ್ಕು ಕೆಂಪು ದಾರ

ಪ್ರಶ್ನೆ: ನಮ್ಮಲ್ಲಿ ಆ್ಯಪ್, ಖಾತೆ, ಪಾವತಿ, ನೋಟಿಫಿಕೇಶನ್, ಪ್ಲಾಟ್‌ಫಾರ್ಮ್ ಎಂದು ಐದು ತಂಡಗಳಿವೆ. ಮುಂದಿನ 12 ವಾರಗಳಲ್ಲಿ ತಿಂಗಳ ಚಂದಾ ಸೌಲಭ್ಯ ಹೊರಗೆ ಹೋಗಬೇಕು. ಕಳೆದ ಸಲವೂ ಯಾವ ತಂಡದ ಕೆಲಸ ಯಾವ ತಂಡಕ್ಕಾಗಿ ಕಾಯುತ್ತದೆ ಎಂದು ತೋರಿಸುವ ಡಿಪೆಂಡೆನ್ಸಿ ಬೋರ್ಡ್ ಹಾಕಿ, ಕೊಡುವ ಕಾರ್ಡಿನಿಂದ ಕಾಯುವ ಕಾರ್ಡಿಗೆ ಕೆಂಪು ದಾರ ಕಟ್ಟಿ, ಎರಡು ದಿನ ಒಟ್ಟಿಗೆ ಕೂತು ಯೋಜನೆ ಮಾಡಿದ್ದೆವು. ಆದರೂ ಎಲ್ಲರೂ ಪ್ಲಾಟ್‌ಫಾರ್ಮ್ ತಂಡಕ್ಕಾಗಿ ಕಾಯುತ್ತ ಕೂತು, ಬಿಡುಗಡೆ ಐದು ವಾರ ತಡವಾಯಿತು. ಎಲ್ಲಿ ತಪ್ಪಿದೆವು? ಈ ಸಲ ಹೇಗೆ ಮಾಡೋಣ?

ಉತ್ತರ: ಮೊದಲು ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಕಳೆದ ಸಲ ಮೊದಲ ದಿನ ಸಂಜೆ ಬೋರ್ಡ್ ಮೇಲೆ ಎಷ್ಟು ದಾರಗಳಿದ್ದವು, ಎರಡನೇ ದಿನ ಸಂಜೆ ಎಷ್ಟು ಉಳಿದಿದ್ದವು? ಎರಡೂ ದಿನ ಒಂದೇ ಸಂಖ್ಯೆ ಇತ್ತು ಎಂದರೆ, ಯಾರು ಯಾರಿಗಾಗಿ ಕಾಯಬೇಕು ಎಂಬುದನ್ನು ಚೆನ್ನಾಗಿ ಬರೆದಿಟ್ಟು ಮನೆಗೆ ಹೋಗಿದ್ದೀರಿ, ಅಷ್ಟೆ. ದಾರ ಕಟ್ಟುವುದು ಮೊದಲ ದಿನದ ಕೆಲಸ. ಕಟ್ಟಿದ್ದರಲ್ಲಿ ಆದಷ್ಟನ್ನು ಬಿಚ್ಚುವುದು ಎರಡನೇ ದಿನದ ಕೆಲಸ. ಹೆಚ್ಚಿನ ಕಡೆ ಎರಡನೇ ದಿನ ಬೋರ್ಡಿನ ಫೋಟೊ ತೆಗೆಯುವುದರಲ್ಲೇ ಮುಗಿಯುತ್ತದೆ.

ಬೋರ್ಡಿನ ಆಕಾರ ನಿಮಗೆ ಗೊತ್ತೇ ಇದೆ. ಒಂದೊಂದು ತಂಡಕ್ಕೆ ಒಂದು ಅಡ್ಡಸಾಲು, ಒಂದೊಂದು ಸ್ಪ್ರಿಂಟ್‌ಗೆ ಒಂದು ಉದ್ದಸಾಲು. ನಿಮ್ಮ 12 ವಾರವೆಂದರೆ ಎರಡು ವಾರಗಳ ಆರು ಸ್ಪ್ರಿಂಟ್. ಆರನೆಯದರಲ್ಲಿ ಹೊಸ ಕೆಲಸ ಹಾಕಬೇಡಿ, ಅದು ಎಲ್ಲವನ್ನೂ ಜೋಡಿಸಿ ಪರೀಕ್ಷಿಸಿ ಹೊರಬಿಡುವುದಕ್ಕೆ ಮೀಸಲು. ಅನೇಕ ತಂಡಗಳ ಕೆಲಸವನ್ನು ಒಟ್ಟಿಗೆ ಯೋಜಿಸುವ ಸೇಫ್ ಪದ್ಧತಿಯವರು ಇಂಥ ಜಂಟಿ ಸಭೆಯನ್ನೇ ಪಿಐ ಪ್ಲಾನಿಂಗ್ ಎನ್ನುತ್ತಾರೆ. ಅವರದೂ ಸಾಮಾನ್ಯವಾಗಿ 8ರಿಂದ 12 ವಾರಗಳ ಅವಧಿ, ಎರಡು ದಿನದ ಸಭೆ. ಆ ಪದ್ಧತಿಯನ್ನು ಇಡಿಯಾಗಿ ತರಬೇಕಾಗಿಲ್ಲ. ಬೋರ್ಡ್ ಮತ್ತು ಸಭೆ ಸಾಕು. ಆದರೆ ಸಭೆಗೆ ಮ್ಯಾನೇಜರುಗಳು ಮಾತ್ರ ಬಂದರೆ ನಡೆಯುವುದಿಲ್ಲ, ಕೋಡ್ ಬರೆಯುವವರೂ ಪರೀಕ್ಷಿಸುವವರೂ ಬರಲೇಬೇಕು. ಏಕೆಂದು ಮುಂದೆ ಗೊತ್ತಾಗುತ್ತದೆ.

ಕಾರ್ಡ್ ಬರೆಯುವುದಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಬೇಕಾದವರು ಬರೆಯಬೇಕು, ಕೊಡುವವರು ಅಂಟಿಸಬೇಕು. ಆ್ಯಪ್ ತಂಡಕ್ಕೆ ಖಾತೆ ತಂಡದಿಂದ ಏನಾದರೂ ಬೇಕಿದ್ದರೆ, ಕಾರ್ಡಿನಲ್ಲಿ ಏನು ಬೇಕು ಎಂದು ಬರೆಯುವುದು ಆ್ಯಪ್ ತಂಡ. ಅದನ್ನು ಯಾವ ಸ್ಪ್ರಿಂಟ್‌ನಲ್ಲಿ ಇಡಬೇಕು ಎಂದು ನಿರ್ಧರಿಸಿ ಕೈಯಾರೆ ಅಂಟಿಸುವುದು ಖಾತೆ ತಂಡ. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಕೇಳಿದವರೇ ಎದ್ದು ಹೋಗಿ ಕೊಡುವವರ ಸಾಲಿನಲ್ಲಿ ಕಾರ್ಡ್ ಅಂಟಿಸಿಬಿಟ್ಟಾಗ ಕೊಡುವವರಿಗೆ ಅದು ಬಂದದ್ದೇ ಗೊತ್ತಿರುವುದಿಲ್ಲ. ಆರು ವಾರಗಳಾದ ಮೇಲೆ "ಬೋರ್ಡ್ ಮೇಲೆ ಇತ್ತಲ್ಲ" ಎಂದು ಒಬ್ಬರು, "ನಾವು ಒಪ್ಪಿಕೊಂಡಿದ್ದು ಯಾವಾಗ" ಎಂದು ಇನ್ನೊಬ್ಬರು ಜಗಳಕ್ಕೆ ನಿಲ್ಲುವುದು ಇದರಿಂದಲೇ.

ಕಾರ್ಡಿನ ಮೇಲೆ "ಚಂದಾ ಎಪಿಐ" ಎಂದಷ್ಟೇ ಬರೆದಿದ್ದರೆ ಅದನ್ನು ವಾಪಸು ಕೊಡಿ. ಏನು ಬೇಕು, ಅದರ ಸ್ಟಬ್, ಅಂದರೆ ತಾತ್ಕಾಲಿಕ ನಕಲು, ಯಾವಾಗ, ನಿಜವಾದದ್ದು ಯಾವಾಗ, ಅದನ್ನು ಮೊದಲು ಬಳಸುವುದು ಯಾವಾಗ, ಎರಡೂ ಕಡೆ ಉತ್ತರಿಸುವ ಒಬ್ಬೊಬ್ಬರ ಹೆಸರು, ತಪ್ಪಿದರೆ ಏನು ಮಾಡುತ್ತೇವೆ, ಇಷ್ಟು ಇರಬೇಕು. ತಂಡದ ಹೆಸರು ಬರೆದರೆ ಸಾಲದು. ತಂಡಕ್ಕೆ ಫೋನ್ ಮಾಡಿ ಕೇಳಲು ಆಗುವುದಿಲ್ಲ.

ಈಗ ನಿಮ್ಮ ಬಿಡುಗಡೆಯನ್ನೇ ಇಟ್ಟುಕೊಂಡು ನೋಡೋಣ. ಅಂಕಿಗಳು ನನ್ನ ಊಹೆ. ನಿಮ್ಮವನ್ನು ಹಾಕಿಕೊಂಡರೂ ಲೆಕ್ಕದ ದಾರಿ ಇದೇ. ಮೊದಲ ದಿನ ಸಂಜೆ ಬೋರ್ಡ್ ಮೇಲೆ 14 ದಾರಗಳು ಎಂದುಕೊಳ್ಳಿ. ದೂರ ನಿಂತು ನೋಡಿದರೆ ಒಂದು ಕಡೆ ಜೇಡರ ಬಲೆ ಕಾಣುತ್ತದೆ: ಪ್ಲಾಟ್‌ಫಾರ್ಮ್ ಸಾಲು, ಎರಡನೇ ಸ್ಪ್ರಿಂಟ್. ಐದು ಕಾರ್ಡ್‌ಗಳು ಒಂದೇ ಚೌಕದಲ್ಲಿ ಬಿದ್ದಿವೆ.

ಖಾತೆ ತಂಡಕ್ಕೆ, ಎಲ್ಲರೂ ಬಳಸುವ ಗ್ರಾಹಕರ ಟೇಬಲ್‌ನಲ್ಲಿ ಹೊಸ ಕಾಲಮ್ ಬೇಕು: 8 ದಿನದ ಕೆಲಸ. ನೋಟಿಫಿಕೇಶನ್ ತಂಡಕ್ಕೆ, ಚಂದಾ ಬದಲಾದಾಗ ಕ್ಯೂನಲ್ಲಿ ಒಂದು ಸಂದೇಶ ಬೇಕು: 6 ದಿನ. ಆ್ಯಪ್ ತಂಡಕ್ಕೆ, ಗ್ರಾಹಕರ ಸ್ಥಿತಿ ಬದಲಾದ ತಕ್ಷಣ ತಿಳಿಯುವ ವ್ಯವಸ್ಥೆ ಬೇಕು: 9 ದಿನ. ಪಾವತಿ ತಂಡಕ್ಕೆ, ಪ್ರತಿ ರಾತ್ರಿ ನವೀಕರಣದ ಹಣ ಕಡಿತಗೊಳಿಸುವ ಶೆಡ್ಯೂಲರ್ ಬೇಕು: 12 ದಿನ. ಎಲ್ಲರಿಗೂ ಸೇರಿ ಪರೀಕ್ಷೆಯ ಸರ್ವರ್ ಬೇಕು: 10 ದಿನ. ಒಟ್ಟು 45 ಆಳು-ದಿನ.

ಪ್ಲಾಟ್‌ಫಾರ್ಮ್ ತಂಡದಲ್ಲಿ ಐದು ಜನ, ಸ್ಪ್ರಿಂಟ್‌ನಲ್ಲಿ ಹತ್ತು ಕೆಲಸದ ದಿನ, ಹಾಗಾಗಿ 50 ದಿನ ಇದೆಯಲ್ಲ ಎನ್ನಿಸುತ್ತದೆ. ಕಳೆದ ಸಲ ನೀವು ಎಡವಿದ್ದು ಬಹುಶಃ ಇಲ್ಲೇ. ಆ ಐವರಲ್ಲಿ ಒಬ್ಬರು ಸರದಿಯಂತೆ ಚಾಲ್ತಿಯಲ್ಲಿರುವ ಸರ್ವರ್‌ಗಳನ್ನು ನೋಡಿಕೊಳ್ಳುತ್ತಾರೆ, 10 ಹೋಯಿತು. ರಜೆಗೆ 3. ಬೇರೆಯವರ ಕೋಡ್ ರಿವ್ಯೂ, ಸಭೆ, ಅಚಾನಕ್ ಬರುವ ಕೆಲಸಗಳಿಗೆ 7. ಉಳಿಯುವುದು 30. ಮೂವತ್ತರ ಜಾಗದಲ್ಲಿ ನಲವತ್ತೈದನ್ನು ತುರುಕಿ, ಅದಕ್ಕೆ ದಾರ ಕಟ್ಟಿ ಎಲ್ಲರೂ ಚಪ್ಪಾಳೆ ತಟ್ಟಿದರೆ, ತಡವಾಗುವುದು ಆ ಕ್ಷಣದಲ್ಲೇ ನಿಶ್ಚಯವಾಗಿರುತ್ತದೆ. ಆದ್ದರಿಂದ ಸಭೆಗೆ ಒಂದು ವಾರ ಮೊದಲೇ ಪ್ರತಿ ತಂಡವೂ ತನ್ನ ಇಂಥ "ಉಳಿದ ದಿನಗಳ" ಸಂಖ್ಯೆಯನ್ನು ಸ್ಪ್ರಿಂಟ್‌ವಾರು ಬರೆದು ತರಲಿ, ಅದನ್ನು ಬೋರ್ಡಿನ ಚೌಕದ ಮೂಲೆಯಲ್ಲೇ ಬರೆಯಿರಿ. ಸಂಖ್ಯೆ ಕಣ್ಣೆದುರಿಗಿದ್ದರೆ ವಾದ ಬೇಗ ಮುಗಿಯುತ್ತದೆ.

ಎರಡನೇ ದಿನ ಬೆಳಿಗ್ಗೆ ಆ ಐದೂ ಕಾರ್ಡ್‌ಗಳ ಮುಂದೆ, ಬರೆದವರನ್ನೂ ಅಂಟಿಸಿದವರನ್ನೂ ನಿಲ್ಲಿಸಿ. ನೋಟಿಫಿಕೇಶನ್ ತಂಡದ ಕಾರ್ಡ್, ಆ್ಯಪ್ ತಂಡದ ಕಾರ್ಡ್ ಎರಡನ್ನೂ ಜೋರಾಗಿ ಓದಿಸಿ. ಇಬ್ಬರಿಗೂ ಬೇಕಿರುವುದು ಒಂದೇ ಸಂದೇಶ, ಹೆಸರು ಮಾತ್ರ ಬೇರೆ ಎಂದು ಕೋಡ್ ಬರೆಯುವವರಿಗೆ ಎರಡು ನಿಮಿಷದಲ್ಲಿ ಹೊಳೆಯುತ್ತದೆ. ಅವರು ಬರಲೇಬೇಕು ಎಂದದ್ದು ಇದಕ್ಕೇ. 6 ಮತ್ತು 9 ಸೇರಿ 7 ದಿನದ ಒಂದು ಕಾರ್ಡ್ ಆಯಿತು.

ಹೊಸ ಕಾಲಮ್‌ನ ಕೆಲಸವನ್ನು ಖಾತೆ ತಂಡವೇ ಬರೆಯಬಲ್ಲದು. ಪ್ಲಾಟ್‌ಫಾರ್ಮ್‌ನವರು ರಿವ್ಯೂ ಮಾಡಿದರೆ ಸಾಕು. 8 ದಿನ 2 ಆಯಿತು. ಆದರೆ ಈ ಉಪಾಯವನ್ನು ಎಲ್ಲದಕ್ಕೂ ಬಳಸಬೇಡಿ. ರಿವ್ಯೂ ಕೂಡ ಒಂದು ಡಿಪೆಂಡೆನ್ಸಿ, ಅದಕ್ಕೂ ಹೆಸರು ಮತ್ತು ದಿನ ಬೇಕು. ಇಲ್ಲದಿದ್ದರೆ ಬರೆದಿಟ್ಟ ಕೋಡ್ ರಿವ್ಯೂಗಾಗಿ ಎರಡು ವಾರ ಕಾದಿರುತ್ತದೆ.

ಶೆಡ್ಯೂಲರ್ ಕಾರ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಪಾವತಿ ತಂಡ ಅದನ್ನು ಎರಡನೇ ಸ್ಪ್ರಿಂಟ್‌ಗೇ ಕೇಳಿತ್ತು, ಏಕೆಂದರೆ ಅವರ ಕೆಲಸದ ಪಟ್ಟಿಯಲ್ಲಿ ಅದು ಎರಡನೆಯದು. "ಮೊದಲ ನವೀಕರಣ ನಿಜವಾಗಿ ಯಾವತ್ತು ನಡೆಯುತ್ತದೆ?" ಎಂದು ಕೇಳಿ. ತಿಂಗಳ ಚಂದಾ ತಾನೇ? ಮೊದಲ ಗ್ರಾಹಕರು ಕೊಂಡು ಒಂದು ತಿಂಗಳಾದ ಮೇಲೆ. ಅಂದರೆ ಬಿಡುಗಡೆಯ ದಿನ ಶೆಡ್ಯೂಲರ್ ಇಲ್ಲದಿದ್ದರೂ ಮೊದಲ ಖರೀದಿ ನಿಲ್ಲುವುದಿಲ್ಲ. ಹಾಗೆಂದು ಬಿಡುಗಡೆಯ ನಂತರಕ್ಕೆ ತಳ್ಳುವುದು ಬೇಡ. ನವೀಕರಣವನ್ನು ಪರೀಕ್ಷೆಯ ಸರ್ವರ್‌ನ ದಿನಾಂಕ ಮುಂದಕ್ಕೆ ಇಟ್ಟು ಮೊದಲೇ ಪರೀಕ್ಷಿಸಬೇಕು, ಎರಡು ಸಲ ಹಣ ಕಡಿತವಾದರೆ ಆಗುವ ರಂಪ ಬೇರೆಯದೇ. ಮೂರನೇ ಸ್ಪ್ರಿಂಟ್‌ಗೆ ಸರಿಸಿದರೆ ಸಾಕು. ಕಾರ್ಡಿನ "ತಪ್ಪಿದರೆ" ಸಾಲಿನಲ್ಲಿ "ಬಿಡುಗಡೆ ನಿಲ್ಲುವುದಿಲ್ಲ, ಆದರೆ ನಂತರ ಒಂದು ತಿಂಗಳೊಳಗೆ ಬೇಕೇ ಬೇಕು" ಎಂದು ಬರೆಯಿರಿ.

ಈಗ ಎರಡನೇ ಸ್ಪ್ರಿಂಟ್‌ನಲ್ಲಿ ಉಳಿದದ್ದು 7, 2, 10, ಒಟ್ಟು 19 ದಿನ. ಮೂವತ್ತರಲ್ಲಿ 11 ಖಾಲಿ. ಯಾರಾದರೂ ಖಂಡಿತ "ಹಾಗಿದ್ದರೆ ಇನ್ನೊಂದು ಕೆಲಸ ಹಾಕೋಣ" ಎನ್ನುತ್ತಾರೆ. ಹಾಕಬೇಡಿ. ನಾಲ್ಕು ತಂಡಗಳು ಕಾಯುವ ಒಂದು ತಂಡದ ಖಾಲಿ ದಿನಗಳು ಇಡೀ ಬಿಡುಗಡೆಯ ಖಾಲಿ ದಿನಗಳು.

ಉಳಿದ ದಾರಗಳನ್ನೂ ಹೀಗೇ ನೋಡುತ್ತ ಹೋಗಿ. ಎರಡು ದಾರಗಳು ಬರೀ ಮಾಹಿತಿಗಾಗಿ ಇರುತ್ತವೆ, ಸಭೆಯಲ್ಲೇ ಉತ್ತರ ಸಿಕ್ಕಿ ಬಿಚ್ಚಿಕೊಳ್ಳುತ್ತವೆ. "ಚಂದಾವನ್ನು ಉಡುಗೊರೆಯಾಗಿ ಕೊಡುವುದು" ಎಂಬ ಸಣ್ಣ ಸೌಲಭ್ಯವೊಂದೇ ಮೂರು ದಾರಗಳನ್ನು ಎಳೆದಿರುತ್ತದೆ. ಅದರ ಕೋಡ್ ನಾಲ್ಕು ದಿನದ್ದೇ ಇರಬಹುದು. ದಾರಗಳ ಲೆಕ್ಕದಲ್ಲಿ ಅದು ದುಬಾರಿ. ಮುಂದಿನ ಬಿಡುಗಡೆಗೆ ಕಳಿಸಿ. ಹದಿನಾಲ್ಕರಲ್ಲಿ ಒಂದು ಸೇರಿಹೋಯಿತು, ಎರಡು ಬಿಚ್ಚಿದವು, ಮೂರು ಹೋದವು: ಎಂಟು ಉಳಿದವು.

ಎಂಟಕ್ಕೂ ಹದಿನಾಲ್ಕಕ್ಕೂ ಎಷ್ಟು ವ್ಯತ್ಯಾಸ ಎಂದು ಒರಟಾಗಿ ಲೆಕ್ಕ ಹಾಕಬಹುದು. ಪ್ರತಿ ದಾರವೂ ಸಮಯಕ್ಕೆ ಕೈಸೇರುವ ಸಾಧ್ಯತೆ ನೂರಕ್ಕೆ 90 ಎಂದಿಟ್ಟುಕೊಳ್ಳಿ, ಒಂದರ ತಡಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಿ. ಹದಿನಾಲ್ಕೂ ಸಮಯಕ್ಕೆ ಬರುವ ಸಾಧ್ಯತೆ 0.9ರ ಹದಿನಾಲ್ಕನೇ ಘಾತ, ಅಂದರೆ ನೂರಕ್ಕೆ ಸುಮಾರು 23. ಎಂಟಾದರೆ 43. ವಾಸ್ತವದಲ್ಲಿ ತಡಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ, ಒಂದೇ ತಂಡದ ಎರಡು ಕಾರ್ಡ್ ಒಟ್ಟಿಗೇ ಜಾರುತ್ತವೆ, ಹಾಗಾಗಿ ಈ ಅಂಕಿಯನ್ನು ಯಾರಿಗೂ ಭರವಸೆಯಾಗಿ ಕೊಡಬೇಡಿ. ಆದರೆ ಪ್ರತಿ ತಂಡವೂ "ನಮ್ಮದು ಹೆಚ್ಚೂಕಡಿಮೆ ಆಗಿಬಿಡುತ್ತೆ" ಎಂದು ಪ್ರಾಮಾಣಿಕವಾಗಿ ಹೇಳಿದ ಮೇಲೂ ಒಟ್ಟು ಏಕೆ ತಪ್ಪುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ.

43 ಕೂಡ ಒಳ್ಳೆಯ ಸಂಖ್ಯೆಯಲ್ಲ. ಅದನ್ನು ಮೇಲೆತ್ತುವುದು ಅಂತರ. ಕೊಡುವ ಕಾರ್ಡ್, ಬಳಸುವ ಕಾರ್ಡ್ ಒಂದೇ ಸ್ಪ್ರಿಂಟ್‌ನಲ್ಲಿದ್ದರೆ ದಾರ ನೆಟ್ಟಗೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಅಂಥ ದಾರ ಕಂಡರೆ ಅದನ್ನು ಹಾಗೇ ಉಳಿಯಲು ಬಿಡಬೇಡಿ. ಸ್ಪ್ರಿಂಟ್‌ನ ಹತ್ತನೇ ದಿನ ಸಿಕ್ಕಿದ್ದನ್ನು ಅದೇ ಸ್ಪ್ರಿಂಟ್‌ನಲ್ಲಿ ಬಳಸುವುದು ಹೇಗೆ? ನಡುವೆ ಒಂದು ಸ್ಪ್ರಿಂಟ್ ಬಿಟ್ಟರೆ ಐದು ದಿನದ ತಡ ಯಾರಿಗೂ ಗೊತ್ತೇ ಆಗದೆ ಕರಗಿಹೋಗುತ್ತದೆ. ಹೀಗೆ ಪ್ರತಿ ದಾರವೂ 90ರಿಂದ 97ಕ್ಕೆ ಏರಿದರೆ, ಎಂಟರ ಒಟ್ಟು 78ಕ್ಕೆ ಹೋಗುತ್ತದೆ.

ಎಲ್ಲದಕ್ಕೂ ಅಷ್ಟು ಅಂತರ ಬಿಡುವಷ್ಟು 12 ವಾರಗಳಲ್ಲಿ ಜಾಗವಿಲ್ಲ, ನಿಜ. ಅದಕ್ಕೇ ಕಾರ್ಡಿನಲ್ಲಿ ಸ್ಟಬ್‌ಗೆ ಬೇರೆ ದಿನಾಂಕ ಕೇಳಿದ್ದು. ಖಾತೆ ತಂಡದ ಚಂದಾ ಎಪಿಐ ಮೂರನೇ ಸ್ಪ್ರಿಂಟ್‌ನಲ್ಲಿ ಸಿದ್ಧವಾಗಲಿ, ಆದರೆ ಅದರ ಉತ್ತರದ ರೂಪ ಮೊದಲನೇ ಸ್ಪ್ರಿಂಟ್‌ನಲ್ಲೇ ನಿಶ್ಚಯವಾಗಿ, ಸುಳ್ಳು ಮಾಹಿತಿ ಕೊಡುವ ಸ್ಟಬ್ ಓಡುತ್ತಿರಲಿ:

```json
{
  "customer_id": "C1042",
  "plan_type": "monthly",
  "renews_on": "2025-07-01"
}
```

ಆ್ಯಪ್ ತಂಡ ಇದನ್ನಿಟ್ಟುಕೊಂಡು ಎರಡನೇ ಸ್ಪ್ರಿಂಟ್‌ನಿಂದಲೇ ಪರದೆಗಳನ್ನು ಕಟ್ಟಬಹುದು. ಆದರೆ ಇಲ್ಲಿ ಒಂದು ಹೊಂಡವಿದೆ, ಅದರಲ್ಲಿ ನಾನೂ ಬಿದ್ದಿದ್ದೇನೆ. ಸ್ಟಬ್ ರೂಪವನ್ನು ತೋರಿಸುತ್ತದೆ, ಅರ್ಥವನ್ನು ತೋರಿಸುವುದಿಲ್ಲ. ಗ್ರಾಹಕರು ಚಂದಾ ರದ್ದು ಮಾಡಿದರೂ ತಿಂಗಳ ಕೊನೆಯವರೆಗೆ ಸೇವೆ ಇರುತ್ತದಲ್ಲ, ಆಗ `renews_on`ನಲ್ಲಿ ಏನು ಬರುತ್ತದೆ? ಖಾಲಿಯೇ, ಸೇವೆ ಮುಗಿಯುವ ದಿನವೇ? ಆ ದಿನಾಂಕ ಯಾವ ಸಮಯವಲಯದ್ದು? ಜನವರಿ 31ಕ್ಕೆ ಕೊಂಡವರ ಮುಂದಿನ ನವೀಕರಣ ಯಾವತ್ತು? ಖಾತೆ ತಂಡ ಒಂದು ಅಂದುಕೊಂಡಿರುತ್ತದೆ, ಪಾವತಿ ತಂಡ ಇನ್ನೊಂದು. ಇಬ್ಬರ ಪರೀಕ್ಷೆಗಳೂ ಹಸಿರು. ಐದನೇ ಸ್ಪ್ರಿಂಟ್‌ನಲ್ಲಿ ಜೋಡಿಸಿದಾಗ ಮಾತ್ರ ಒಡೆಯುತ್ತದೆ. ಆದ್ದರಿಂದ ಸಭೆಯಲ್ಲಿ ಆ ಕಾರ್ಡಿನ ಎರಡೂ ಕಡೆಯವರು ಅರ್ಧ ಗಂಟೆ ಕೂತು, ಸರಿಯಾದ ಒಂದು ಉದಾಹರಣೆಯ ಜೊತೆಗೆ ಇಂಥ ಎಡವಟ್ಟಿನ ನಾಲ್ಕು ಉದಾಹರಣೆಗಳನ್ನೂ ಬರೆದು ಸ್ಟಬ್‌ನಲ್ಲಿ ಸೇರಿಸಲಿ. ಎರಡು ದಿನದಲ್ಲಿ ಅತ್ಯಂತ ಲಾಭದ ಅರ್ಧ ಗಂಟೆ ಅದು.

ಇನ್ನು, ಹಂಚಿಕೊಂಡ ಟೇಬಲ್ ಮತ್ತು ಆ್ಯಪ್‌ನ ವಿಚಾರ. ಬೋರ್ಡಿನಲ್ಲಿ ಇವು ಕಾಣುವುದಿಲ್ಲ, ಏಕೆಂದರೆ ಇವು ಕೆಲಸದ ಡಿಪೆಂಡೆನ್ಸಿಗಳಲ್ಲ, ಹೊರಬಿಡುವ ಕ್ರಮದವು. ಸರ್ವರ್ ಕೋಡನ್ನು ಬೇಕೆಂದಾಗ ಬದಲಿಸಬಹುದು, ತಪ್ಪಾದರೆ ಹಿಂದಕ್ಕೆ ತರಬಹುದು. ಆ್ಯಪ್ ಹಾಗಲ್ಲ. ಸ್ಟೋರ್‌ನವರ ಪರಿಶೀಲನೆ ಮುಗಿಯಬೇಕು, ಅದರ ದಿನ ನಿಮ್ಮ ಕೈಯಲ್ಲಿಲ್ಲ. ಮುಗಿದ ಮೇಲೂ ಎಷ್ಟೋ ಜನ ಹಳೆಯ ಆ್ಯಪನ್ನೇ ತಿಂಗಳುಗಟ್ಟಲೆ ಬಳಸುತ್ತಾರೆ. ಹಾಗಾಗಿ ಹಳೆಯ ಆ್ಯಪ್ ಮತ್ತು ಹೊಸ ಸರ್ವರ್ ಒಟ್ಟಿಗೆ ಬದುಕಲೇಬೇಕು. ಟೇಬಲ್‌ನಲ್ಲಿ ಈಗ `is_premium` ಎಂಬ ಕಾಲಮ್ ಇದೆ ಎನ್ನಿ. ಅದರ ಹೆಸರು ಬದಲಿಸಿ `plan_type` ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಆ ಟೇಬಲ್ ಓದುವ ಎಲ್ಲ ತಂಡಗಳೂ ಒಂದೇ ರಾತ್ರಿ ಒಟ್ಟಿಗೆ ಬದಲಾಗಬೇಕು, ಅಂದರೆ ಒಂದೇ ಸಾಲಿನ ಬದಲಾವಣೆಯಿಂದ ನಾಲ್ಕು ಹೊಸ ದಾರ. ಬದಲಿಗೆ ಹಳೆಯದನ್ನು ಹಾಗೇ ಬಿಟ್ಟು ಹೊಸದನ್ನು ಪಕ್ಕದಲ್ಲಿ ಸೇರಿಸಿ:

```sql
ALTER TABLE customers ADD COLUMN plan_type VARCHAR(20);
```

ಕಾಲಮ್ ಖಾಲಿ ಇರಬಹುದಾದ್ದರಿಂದ, ಹೆಸರು ಹಿಡಿದು ಓದುವ ಬರೆಯುವ ಹಳೆಯ ಕೋಡ್‌ಗೆ ಏನೂ ಆಗುವುದಿಲ್ಲ. ಮುಂದಿನ ಹಂತದಲ್ಲಿ ಖಾತೆ ತಂಡ ಎರಡೂ ಕಾಲಮ್‌ಗಳಿಗೆ ಬರೆಯುತ್ತದೆ, ಹಳೆಯ ಸಾಲುಗಳನ್ನು ತುಂಬಿಸುತ್ತದೆ. ಆಮೇಲೆ ಉಳಿದ ತಂಡಗಳು ತಮಗೆ ಅನುಕೂಲವಾದ ದಿನ ಹೊಸದನ್ನು ಓದಲು ಶುರುಮಾಡುತ್ತವೆ. ಆ್ಯಪನ್ನು ಐದನೇ ಸ್ಪ್ರಿಂಟ್‌ನಲ್ಲೇ, ಚಂದಾದ ಪರದೆಯನ್ನು ಫೀಚರ್ ಫ್ಲ್ಯಾಗ್‌ನ ಹಿಂದೆ ಮುಚ್ಚಿಟ್ಟು ಸ್ಟೋರ್‌ಗೆ ಕಳಿಸಿ. ಆಗ ಬಿಡುಗಡೆ ಎಂದರೆ ಆರನೇ ಸ್ಪ್ರಿಂಟ್‌ನಲ್ಲಿ ಫ್ಲ್ಯಾಗ್ ತೆರೆಯುವುದು ಮಾತ್ರ. ಮೊದಲು ನೂರಕ್ಕೆ ಐದು ಜನರಿಗೆ, ಎರಡು ದಿನ ನೋಡಿ ಉಳಿದವರಿಗೆ.

ಎರಡನೇ ದಿನದ ಕೊನೆಗೆ ಕೈಬೆರಳು ಎತ್ತಿಸುವ ಪದ್ಧತಿ ನಿಮ್ಮಲ್ಲೂ ಇರಬಹುದು: ಯೋಜನೆಯ ಮೇಲೆ ಪೂರ್ತಿ ನಂಬಿಕೆ ಇದ್ದರೆ ಐದು, ಇಲ್ಲವೇ ಇಲ್ಲದಿದ್ದರೆ ಒಂದು. ಸರಾಸರಿ ತೆಗೆದು ನಾಲ್ಕು ಬಂತು ಎಂದು ಎದ್ದುಬಿಡಬೇಡಿ. ನನ್ನ ಪ್ರಕಾರ ಸರಾಸರಿಗೆ ಬೆಲೆಯೇ ಇಲ್ಲ. ಎರಡು ಬೆರಳು ತೋರಿಸಿದ ಆ ಒಬ್ಬ ಪರೀಕ್ಷಕಿಯನ್ನು ಕೇಳಿ. "ಪಾವತಿಯ ಪರೀಕ್ಷಾ ಖಾತೆ ಒಂದೇ ಇದೆ, ನಾಲ್ಕನೇ ಸ್ಪ್ರಿಂಟ್‌ನಲ್ಲಿ ಮೂರು ತಂಡ ಅದನ್ನೇ ಬಳಸುತ್ತವೆ" ಎಂದು ಅವರು ಹೇಳಬಹುದು. ಯಾರೂ ಕಾರ್ಡ್ ಬರೆಯದ ಒಂಬತ್ತನೇ ದಾರ ಅದು. ಮ್ಯಾನೇಜರುಗಳು ಮೊದಲು ಕೈ ಎತ್ತಿದರೆ ಇಂಥ ಬೆರಳುಗಳು ಮಡಚಿಕೊಳ್ಳುತ್ತವೆ, ಅವರು ಕೊನೆಗೆ ಎತ್ತಲಿ.

ಸಭೆ ಮುಗಿದ ಮೇಲೆ ಬೋರ್ಡ್ ಬದುಕಿರಬೇಕಾದರೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಸಾಕು. ತಂಡಕ್ಕೆ ಒಬ್ಬರು ಬರಲಿ, ಮುಂದಿನ ಎರಡು ವಾರಗಳಲ್ಲಿ ಕೈಬದಲಾಗುವ ಕಾರ್ಡ್‌ಗಳನ್ನು ಮಾತ್ರ ನೋಡಿ. "ಆಯಿತಾ?" ಎಂದು ಕೊಡುವವರನ್ನು ಕೇಳಬೇಡಿ, "ಬಳಸಿ ನೋಡಿದಿರಾ?" ಎಂದು ಪಡೆದವರನ್ನು ಕೇಳಿ. ದಾರ ಬಿಚ್ಚುವ ಹಕ್ಕು ಪಡೆದವರದು ಮಾತ್ರ. ಕೊಟ್ಟವರ ಲೆಕ್ಕದಲ್ಲಿ ಮುಗಿದು, ಪಡೆದವರ ಕಡೆ ಓಡದೆ ಬಿದ್ದಿರುವ ಕೆಲಸವೇ ಕೊನೆಯ ವಾರಗಳನ್ನು ನುಂಗುವುದು.

ಮುಂಚೆಯೇ ಗುರುತು ಹಿಡಿಯಲು ನಾನು ನೋಡುವುದು ಸ್ಟಬ್ ದಿನಾಂಕಗಳನ್ನು. ಒಂದನೇ ಸ್ಪ್ರಿಂಟ್‌ಗೆ ಬರಬೇಕಾದ ಸ್ಟಬ್ ಬರಲಿಲ್ಲವೆಂದರೆ, ಮೂರನೇ ಸ್ಪ್ರಿಂಟ್‌ನ ಎಪಿಐ ಬಹುಶಃ ಬರುವುದಿಲ್ಲ, ನಿಮಗೆ ನಾಲ್ಕು ವಾರ ಮೊದಲೇ ಗೊತ್ತಾಯಿತು. ಎರಡನೆಯದು, ಒಂದೇ ಕಾರ್ಡ್ ಎರಡು ಸಲ ಬಲಕ್ಕೆ ಜರುಗಿದರೆ ಮೂರನೇ ಸಲ ಜರುಗಿಸಲು ಬಿಡದೆ "ತಪ್ಪಿದರೆ" ಸಾಲಿನಲ್ಲಿ ಬರೆದಿದ್ದನ್ನು ಅವತ್ತೇ ಶುರುಮಾಡಿ. ಮೂರನೆಯದು ತುಸು ವಿಚಿತ್ರ: ಎರಡು ವಾರ ಬೋರ್ಡ್‌ನಲ್ಲಿ ಒಂದೂ ಕಾರ್ಡ್ ಅಲ್ಲಾಡಲಿಲ್ಲವೆಂದರೆ ಎಲ್ಲ ಸರಿಯಾಗಿದೆ ಎಂದಲ್ಲ, ಯಾರೂ ನೋಡುತ್ತಿಲ್ಲ ಎಂದರ್ಥ.

ತಂಡಗಳು ಬೇರೆಬೇರೆ ಕಡೆ ಇದ್ದು ಬೋರ್ಡ್ ಪರದೆಯ ಮೇಲಿದ್ದರೂ ಇದೆಲ್ಲ ಹೀಗೇ ನಡೆಯುತ್ತದೆ. ಜಿರಾ ಕ್ಲೌಡ್ ಬಳಸುತ್ತಿದ್ದರೆ ದಾರಗಳನ್ನು `is blocked by` ಲಿಂಕ್ ಆಗಿ ಹಾಕಿ, ವಾರದ ಸಭೆಗೆ ಈ ಹುಡುಕಾಟ ಸಾಕು (`REL` ಜಾಗದಲ್ಲಿ ನಿಮ್ಮ ಪ್ರಾಜೆಕ್ಟ್‌ನ ಕೀ):

```
project = REL AND issueLinkType = "is blocked by" AND statusCategory != Done
```

ಕಾದು ಕೂತ ಕೆಲಸಗಳು ಇದರಲ್ಲಿ ಬರುತ್ತವೆ. ಮುಗಿದ ಕೆಲಸಕ್ಕೆ ಕಾಯುತ್ತಿರುವಂತೆ ತೋರುವ ಹಳೆಯ ಲಿಂಕ್‌ಗಳೂ ಬರುತ್ತವೆ, ಅವನ್ನು ಪಡೆದವರೇ ತೆಗೆಯಲಿ.

ಒಂದು ಕಾರ್ಡ್ ಮಾತ್ರ ಆರನೇ ಸ್ಪ್ರಿಂಟ್ ಮುಗಿದರೂ ಬೋರ್ಡ್‌ನಲ್ಲಿ ಉಳಿಯುತ್ತದೆ: ಹಳೆಯ `is_premium` ಕಾಲಮ್ ತೆಗೆಯುವುದು. ಅದನ್ನು ಓದುವ ಹಳೆಯ ಆ್ಯಪ್‌ಗಳು ಎಷ್ಟು ಉಳಿದಿವೆ ಎಂದು ಎಣಿಸದೆ ಅದನ್ನು ಮುಟ್ಟುವಂತಿಲ್ಲ. ಮುಂದಿನ ಜಂಟಿ ಸಭೆಯ ಬೋರ್ಡ್‌ಗೆ ಮೊದಲು ಅಂಟಿಸಬೇಕಾದ ಕಾರ್ಡ್ ಅದು, ಅಂಟಿಸುವವರು ಖಾತೆ ತಂಡ.